ಕೋಡಿಬಾಗದ ಮಹಡಿ ಕೋಣೆಯ ನೋಟ್‌ಬುಕ್

ಕಾರವಾರದ ಕೋಡಿಬಾಗದಲ್ಲಿ ನಾನು ಬಾಡಿಗೆಗೆ ಹಿಡಿದಿದ್ದ ಮಹಡಿ ಕೋಣೆಯಲ್ಲಿ, ಕೀಬೋರ್ಡಿನ ಎಡಕ್ಕೆ, ನೂರು ಪುಟದ ಒಂದು ನೋಟ್‌ಬುಕ್ ಇರುತ್ತಿತ್ತು. ತಂದದ್ದು ಕೆಲಸದ ಟಿಪ್ಪಣಿಗೆಂದು. ಮುಂದಿನ ಪುಟಗಳಲ್ಲಿ ಈಗಲೂ ಅದೇ ಇದೆ: ಯಾವ ಆಸ್ಪತ್ರೆಯ ಬಿಲ್ಲಿನಲ್ಲಿ ಏನು ತಪ್ಪಾಯಿತು, ಯಾವತ್ತು ಸರಿಯಾಯಿತು. ಹಿಂದಿನಿಂದ ತೆರೆದರೆ ಬೇರೆಯದೇ ಲೆಕ್ಕ ಸಿಗುತ್ತದೆ. 2023ರ ಫೆಬ್ರವರಿ 14: ಮೀಟಿಂಗಿನಲ್ಲಿ ನಾನು ಹೇಳಿದ್ದನ್ನೇ ಹತ್ತು ನಿಮಿಷ ಬಿಟ್ಟು ಅವನು ಹೇಳಿದ, ಎಲ್ಲರೂ ಒಪ್ಪಿದರು. ಮಾರ್ಚ್ 3: ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ ಆರಕ್ಕೆ ಉತ್ತರ. ಏಪ್ರಿಲ್ 21: ಎಲ್ಲರೂ ಊಟಕ್ಕೆ ಹೋಗಿದ್ದರು, ಫೋಟೋ ಗ್ರೂಪಿಗೆ ಬಂದಾಗ ಗೊತ್ತಾಯಿತು.

ಒಂದೂವರೆ ವರ್ಷದಲ್ಲಿ ಹೀಗೆ ಇಪ್ಪತ್ತಮೂರು ಪುಟ ತುಂಬಿಸಿದ್ದೆ. ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದಕ್ಕೇ ಅದು ಅಷ್ಟು ದಿನ ನನ್ನನ್ನು ಹಿಡಿದಿಟ್ಟುಕೊಂಡಿತು ಎಂದು ಈಗ ಅನಿಸುತ್ತದೆ.

ನಮ್ಮ ಮನೆ ಅಂಕೋಲಾ ತಾಲೂಕಿನ ಅವರ್ಸಾದಲ್ಲಿ. 2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಘೋಷಣೆಯಾಗುವುದಕ್ಕೆ ಕೆಲವೇ ದಿನ ಮುಂಚೆ, ಒಂದು ಚೀಲ ಬಟ್ಟೆ ಮತ್ತು ಕಂಪನಿಯ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನಿಂದ ಬಂದವನು ನಾನು. ನಮ್ಮದು ಆಸ್ಪತ್ರೆಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುವ ಕಂಪನಿ, ನಮ್ಮ ತಂಡದಲ್ಲಿ ಎಂಟು ಜನ. ಮೊದಲ ಎರಡು ವರ್ಷ ಒಂಟಿತನ ಎನ್ನುವಂಥದ್ದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಎಂಟೂ ಜನ ಎಂಟು ಊರಲ್ಲಿದ್ದೆವು. ಪರದೆಯ ಮೇಲೆ ಎಂಟು ಚೌಕ, ಎಲ್ಲವೂ ಒಂದೇ ಅಳತೆ. ಒಬ್ಬರ ಮನೆಯಲ್ಲಿ ಕುಕ್ಕರ್ ಕೂಗಿದರೆ ಎಂಟು ಮನೆಗೂ ಕೇಳುತ್ತಿತ್ತು. ಕರೆಂಟ್ ಹೋಗಿ ಒಬ್ಬ ಮಾಯವಾದರೆ ಉಳಿದವರು ಅವನು ಬರುವ ತನಕ ಕಾಯುತ್ತಿದ್ದೆವು, ಏಕೆಂದರೆ ನಾಳೆ ಅದು ಯಾರಿಗೂ ಆಗಬಹುದಿತ್ತು.

2022ರಲ್ಲಿ ಕಚೇರಿ ತೆರೆಯಿತು. ವಾರಕ್ಕೆ ಮೂರು ದಿನ ಬನ್ನಿ ಎಂದರು. ಆ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆದಿತ್ತು. ಊರಿನವರು ಹೇಳಿದಂತೆ ಬೇಲಂಬರದ ನಾಟಿ ಔಷಧ ಕೊಡಿಸಿದೆವು, ಕಾರವಾರಕ್ಕೆ ಕರೆದೊಯ್ದು ಫಿಸಿಯೋಥೆರಪಿಯನ್ನೂ ಮಾಡಿಸಿದೆವು. ನಾನು ಊರು ಬಿಡುವ ಹಾಗಿರಲಿಲ್ಲ. ಪತ್ರ ಬರೆದು ಕೇಳಿಕೊಂಡೆ, ಕಂಪನಿ ಒಪ್ಪಿತು. ತಂಡದಲ್ಲಿ ಪುಣೆಯಲ್ಲಿದ್ದ ಇನ್ನೊಬ್ಬಳಿಗೂ ಒಪ್ಪಿಗೆ ಸಿಕ್ಕಿತು. ಆದರೆ ಆರು ತಿಂಗಳಲ್ಲಿ ಅವಳು ಬೇರೆ ಕೆಲಸ ಹಿಡಿದಳು. ಉಳಿದವನು ನಾನೊಬ್ಬ. ಅವರ್ಸಾದ ಮನೆಯಲ್ಲಿ ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತಿದ್ದುದರಿಂದ ಕೋಡಿಬಾಗದಲ್ಲಿ ಕೋಣೆ ಮಾಡಿದೆ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಬಂದರೆ ಶುಕ್ರವಾರ ಸಂಜೆ ಅವರ್ಸಾಕ್ಕೆ ವಾಪಸ್. ಅಪ್ಪನಿಗೆ ಏನಾದರೂ ಆದರೆ ಅರ್ಧ ಮುಕ್ಕಾಲು ತಾಸಿನಲ್ಲಿ ಮನೆ ಮುಟ್ಟಬಹುದು ಎನ್ನುವ ಧೈರ್ಯ.

ಎಲ್ಲರೂ ದೂರದಲ್ಲಿರುವುದಕ್ಕೂ ಒಬ್ಬನೇ ದೂರದಲ್ಲಿರುವುದಕ್ಕೂ ಎಷ್ಟು ಅಂತರ ಎಂಬುದು ನನಗೆ ತಿಳಿದದ್ದು ಆಮೇಲೆ. ಈಗ ಪರದೆಯ ಮೇಲೆ ಎಂಟು ಚೌಕ ಇರಲಿಲ್ಲ. ಉದ್ದದ ಒಂದು ಕೋಣೆ, ಮೇಜಿನ ನಡುವೆ ಒಂದು ಮೈಕು, ಸುತ್ತ ಆರು ಜನ. ಎದುರಿನ ಗೋಡೆಯ ಟಿವಿಯಲ್ಲಿ ನಾನು. ಮೈಕಿನ ಹತ್ತಿರ ಕೂತವರ ಮಾತು ನನಗೆ ಸ್ಪಷ್ಟ ಕೇಳುತ್ತಿತ್ತು, ಬಾಗಿಲ ಬದಿಯವರದು ಬಾವಿಯೊಳಗಿಂದ ಬಂದಂತೆ. ಯಾರೋ ಏನೋ ಅಂದಾಗ ಎಲ್ಲರೂ ನಗುತ್ತಿದ್ದರು. ಅಂದದ್ದು ನನಗೆ ಕೇಳಿರುತ್ತಿರಲಿಲ್ಲ, ನಗು ಮಾತ್ರ ಪೂರ್ತಿ ಕೇಳುತ್ತಿತ್ತು. ‘ಏನು?’ ಎಂದು ಕೇಳಬಹುದಿತ್ತು. ಒಂದು ಸಲ ಕೇಳಿದೆ, ಎರಡು ಸಲ ಕೇಳಿದೆ. ಮೂರನೆಯ ಸಲ ನಾನೂ ನಕ್ಕೆ. ಏನೆಂದು ತಿಳಿಯದೆ ನಗುವವನ ಮುಖ ಹೇಗಿರುತ್ತದೆ ಎಂಬುದು ನನ್ನದೇ ಚೌಕದಲ್ಲಿ ಕಾಣುತ್ತಿತ್ತು.

ಅದಕ್ಕಿಂತ ಕಠಿಣವಾದದ್ದು ಮೀಟಿಂಗ್ ಮುಗಿಯುವ ಗಳಿಗೆ. ‘ಸರಿ ಹಾಗಾದ್ರೆ’ ಎಂದು ಮ್ಯಾನೇಜರು ಎದ್ದರೆ ಕುರ್ಚಿಗಳು ಸರಿಯುವ ಸದ್ದು, ಇಬ್ಬರು ಬೋರ್ಡಿನ ಹತ್ತಿರ ನಿಂತು ಮಾತು ಮುಂದುವರಿಸುವುದು ಕಾಣುತ್ತಿತ್ತು. ನಿಜವಾದ ತೀರ್ಮಾನ ಆಗುವುದೇ ಆ ಹೊತ್ತಿನಲ್ಲಿ. ಅಷ್ಟರಲ್ಲಿ ಯಾರೋ ಟಿವಿ ಆರಿಸುತ್ತಿದ್ದರು. ಬೇಕೆಂದು ಯಾರೂ ಹಾಗೆ ಮಾಡುತ್ತಿರಲಿಲ್ಲ. ಕೋಣೆ ಬಿಡುವಾಗ ಫ್ಯಾನು ಆರಿಸಿದಂತೆ ಆರಿಸುತ್ತಿದ್ದರು.

ಆಮೇಲೆ ಕೋಣೆಯಲ್ಲಿ ನಾನು, ಗೋಡೆಯ ಮೇಲಿನ ಪಾಚಿ, ಮಳೆ. ಒಂದು ಬುಧವಾರ ರಾತ್ರಿ ಮಲಗುವಾಗ ಆ ದಿನ ಬಾಯಿಬಿಟ್ಟು ಏನೇನು ಮಾತಾಡಿದೆ ಎಂದು ಎಣಿಸಿದ್ದೆ. ಹಾಲಿನವನ ಹತ್ತಿರ ‘ಅರ್ಧ ಲೀಟರ್’. ಊಟವಾಯಿತೇ ಎಂದು ಕೊಂಕಣಿಯಲ್ಲಿ ಕೇಳಿದ ಮನೆಯ ಯಜಮಾನಿಗೆ ಅಷ್ಟೇ ಚಿಕ್ಕ ಒಂದು ಉತ್ತರ. ಮೀಟಿಂಗಿನಲ್ಲಿ ‘ನನ್ನ ಕಡೆಯಿಂದ ಏನಿಲ್ಲ’. ರಾತ್ರಿ ಆಯಿ ಫೋನು ಮಾಡಿದಾಗ ಮಾತ್ರ ನಾಲ್ಕು ವಾಕ್ಯ. ಆಯಿಗೆ ನನ್ನ ಕೆಲಸ ಏನೆಂದು ವಿವರಿಸುವುದು ಯಾವತ್ತೋ ಬಿಟ್ಟಿದ್ದೆ. ಅವರ್ಸಾದ ನೆಂಟರ ಪಾಲಿಗಂತೂ ನಾನು ಕೆಲಸ ಬಿಟ್ಟು ಬಂದು ಮನೆಯಲ್ಲಿ ಕೂತವನು. ಮದುವೆ ಮನೆಯಲ್ಲಿ ಒಬ್ಬರು ಕೇಳಿಯೇ ಬಿಟ್ಟರು: ‘ಈಗ ಎಲ್ಲೂ ಇಲ್ವಾ ಮಗಾ?’ ಎಲ್ಲೂ ಇಲ್ಲ ಎನ್ನುವ ಆ ಮಾತು ನನ್ನೊಳಗೆ ಬಹಳ ದಿನ ಉಳಿಯಿತು. ಬೆಂಗಳೂರಿನವರಿಗೆ ನಾನು ಕಾರವಾರದಲ್ಲಿ, ಕಾರವಾರದವರಿಗೆ ಅಂಕೋಲಾದವನು, ಅಂಕೋಲಾದವರಿಗೆ ಎಲ್ಲೂ ಇಲ್ಲದವನು.

ನೋಟ್‌ಬುಕ್ಕಿನ ಹಿಂಬದಿಯಲ್ಲಿ ‘ಅವನು’ ಎಂದು ಬರೆದುಕೊಂಡವನು ದಾವಣಗೆರೆಯ ಹುಡುಗ. ನನಗಿಂತ ಐದು ವರ್ಷ ಚಿಕ್ಕವನು. ಲಾಕ್‌ಡೌನಿನ ನಡುವೆ ಕೆಲಸಕ್ಕೆ ಸೇರಿದವನು, ಹಾಗಾಗಿ ನಾವು ಮುಖಾಮುಖಿ ಭೇಟಿಯಾದದ್ದೇ ಇಲ್ಲ. ಮೊದಲ ವರ್ಷ ಅವನಿಗೆ ಕೆಲಸ ಕಲಿಸಿದವನು ನಾನು. ಆಗ ಬಹಳ ಹಚ್ಚಿಕೊಂಡಿದ್ದ.

2023ರ ಜೂನ್ ಕೊನೆಯ ವಾರ. ನಮ್ಮ ತಂತ್ರಾಂಶದಲ್ಲಿ ಪ್ರತಿ ನಡುರಾತ್ರಿ ಒಂದು ಜಾಬ್ ಓಡುತ್ತದೆ. ಪ್ರತಿ ಆಸ್ಪತ್ರೆಯ ಆ ದಿನದ ಬಿಲ್ಲುಗಳನ್ನೆಲ್ಲ ಕೂಡಿಸಿ ಲೆಕ್ಕದ ಪುಸ್ತಕಕ್ಕೆ ಏರಿಸುವುದು ಅದರ ಕೆಲಸ. ಆ ವಾರದ ಒಂದು ರಾತ್ರಿ ಎರಡು ದೊಡ್ಡ ಆಸ್ಪತ್ರೆಗಳ ಮೊತ್ತ ಎರಡೆರಡು ಸಲ ಏರಿತ್ತು. ನಿದ್ದೆ ಬಾರದೆ ಕೂತವನ ಕಣ್ಣಿಗೆ ಬಿತ್ತು. ಮೂರು ತಾಸು ಹುಡುಕಿದ ಮೇಲೆ ಕಾರಣ ಸಿಕ್ಕಿತು. ಜಾಬ್ ಒಂದು ಸರ್ವರಿನಿಂದ ಇನ್ನೊಂದಕ್ಕೆ ‘ಈ ಮೊತ್ತ ಬರೆದುಕೋ’ ಎಂದು ಹೇಳಿ ಮೂವತ್ತು ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಕೆಲಸ ಆಗಲಿಲ್ಲ ಎಂದು ತಿಳಿದು ಮತ್ತೊಮ್ಮೆ ಹೇಳುತ್ತದೆ. ಆದರೆ ಆಚೆಯ ಸರ್ವರು ಸುಮ್ಮನಿರಲಿಲ್ಲ. ಬಿಲ್ಲು ಹೆಚ್ಚಿದ್ದುದರಿಂದ ಬರೆಯುವುದರಲ್ಲೇ ಇತ್ತು, ಉತ್ತರ ಕೊಡಲು ಪುರುಸೊತ್ತಾಗಿರಲಿಲ್ಲ ಅಷ್ಟೇ. ಉತ್ತರ ಬರಲಿಲ್ಲ ಎಂದರೆ ಕೆಲಸ ಆಗಿಲ್ಲ ಎಂದು ಅರ್ಥವಲ್ಲ, ಆಗಿದೆಯೋ ಇಲ್ಲವೋ ನನಗೆ ತಿಳಿದಿಲ್ಲ ಎಂದಷ್ಟೇ ಅರ್ಥ. ನಮ್ಮ ಕಸುಬಿನಲ್ಲಿ ಇದು ಮೊದಲ ಪಾಠ. ಪ್ರತಿ ಮೊತ್ತಕ್ಕೂ ಆಸ್ಪತ್ರೆಯ ಸಂಖ್ಯೆ ಮತ್ತು ದಿನಾಂಕ ಸೇರಿಸಿದ ಒಂದು ಗುರುತು ಕೊಟ್ಟೆ, ಒಂದೇ ಗುರುತು ಎರಡನೆಯ ಸಲ ಬಂದರೆ ಡೇಟಾಬೇಸ್ ತೆಗೆದುಕೊಳ್ಳದಂತೆ ಮಾಡಿದೆ, ಹೆಚ್ಚಾಗಿದ್ದ ಸಾಲುಗಳನ್ನು ಕೈಯಾರೆ ತೆಗೆದೆ.

ಮುಗಿದಾಗ ನಸುಕಿನ ನಾಲ್ಕಾಗುತ್ತಿತ್ತು. ಬೆಳಿಗ್ಗೆಯ ಪಾಳಿ ಆ ಹುಡುಗನದು. ಅವನೊಬ್ಬನಿಗೇ ಖಾಸಗಿಯಾಗಿ ಮೂರು ಸಾಲು ಬರೆದೆ: ಏನಾಗಿತ್ತು, ಏನು ಮಾಡಿದ್ದೇನೆ, ಬೆಳಿಗ್ಗೆ ಒಮ್ಮೆ ನೋಡು. ಒಂಬತ್ತೂಕಾಲಕ್ಕೆ ಉತ್ತರ ಬಂತು. ‘ಓಕೆ’, ಅದರ ಮುಂದೊಂದು ಫುಲ್‌ಸ್ಟಾಪ್. ಹತ್ತಕ್ಕೆ ಅವನು ಗ್ರೂಪಿನಲ್ಲಿ, ರಾತ್ರಿಯ ಜಾಬಿನ ತೊಂದರೆ ಬಗೆಹರಿದಿದೆ ಎಂದು ಬರೆದ. ಮ್ಯಾನೇಜರು ಅವನಿಗೆ ಹೆಬ್ಬೆರಳು ತೋರಿಸಿದರು. ಸೋಮವಾರದ ಮೀಟಿಂಗಿನಲ್ಲಿ ಅವನ ಹೆಸರು ಹಿಡಿದು ಹೊಗಳಿದರು. ಅವನು ಏನೋ ಹೇಳಿದ. ಬಾಗಿಲ ಬದಿಗೆ ಕೂತಿದ್ದ, ನನಗೆ ಕೇಳಿಸಲಿಲ್ಲ.

ಆ ಫುಲ್‌ಸ್ಟಾಪಿನ ಮೇಲೆ ನಾನು ಎಷ್ಟು ಹೊತ್ತು ಕಳೆದೆ ಎಂದರೆ ಹೇಳಲು ಕಷ್ಟವಾಗುತ್ತದೆ. ಹಿಂದೆಲ್ಲ ಅವನು ಫುಲ್‌ಸ್ಟಾಪ್ ಇಡುತ್ತಿದ್ದನೇ ಎಂದು ಹಳೆಯ ಸಂದೇಶಗಳನ್ನು ತೆಗೆದು ನೋಡಿದೆ. ಇಡುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಕೂತವನಾಗಿದ್ದರೆ ಚಹಾ ಕುಡಿಯುವಾಗ ಅವನ ಮುಖ ನೋಡುತ್ತಿದ್ದೆ, ರಾತ್ರಿ ಮೂರು ಗಂಟೆ ಎಚ್ಚರವಿದ್ದೆ ಮಾರಾಯ ಎನ್ನುತ್ತಿದ್ದೆ, ಅವನು ಏನೋ ಅನ್ನುತ್ತಿದ್ದ, ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಕೋಡಿಬಾಗದಲ್ಲಿ ನನ್ನ ಹತ್ತಿರ ಇದ್ದದ್ದು ಎರಡು ಅಕ್ಷರ ಮತ್ತು ಒಂದು ಚುಕ್ಕೆ. ಉಳಿದ ಮನುಷ್ಯನನ್ನು ನಾನೇ ಕೂತು ಕಟ್ಟಿದೆ. ಒಂಟಿಯಾಗಿದ್ದವನು ಕಟ್ಟುವ ಮನುಷ್ಯ ಯಾವಾಗಲೂ ನಿಜವಾದವನಿಗಿಂತ ಕೆಟ್ಟವನಾಗಿರುತ್ತಾನೆ.

ಸೆಪ್ಟೆಂಬರಿನಲ್ಲಿ ನಾನು ಮಾಡಿದ್ದನ್ನು ಇಲ್ಲಿಯವರೆಗೆ ಮೂವರಿಗೆ ಮಾತ್ರ ಹೇಳಿದ್ದೇನೆ. ನಮ್ಮಲ್ಲಿ ಒಬ್ಬ ಬರೆದ ಕೋಡನ್ನು ಇನ್ನೊಬ್ಬ ಓದಿ ಒಪ್ಪಿಗೆ ಕೊಟ್ಟ ಮೇಲೆಯೇ ಅದು ಮುಂದೆ ಹೋಗುವುದು. ಒಂದು ಬುಧವಾರ ಬೆಳಿಗ್ಗೆ ಅವನ ಕೋಡು ನನ್ನ ಪಾಲಿಗೆ ಬಂತು. ಇಪ್ಪತ್ತು ನಿಮಿಷದಲ್ಲಿ ಓದಿದೆ. ಚೆನ್ನಾಗಿ ಬರೆದಿದ್ದ, ತೆಗೆಯುವಂಥ ಒಂದು ತಪ್ಪೂ ಇರಲಿಲ್ಲ. ಒಪ್ಪಿಗೆಯ ಗುಂಡಿ ಒತ್ತದೆ ಆ ಕಿಟಕಿ ಮುಚ್ಚಿದೆ. ಗುರುವಾರ ರಾತ್ರಿ ಹೊಸ ಆವೃತ್ತಿ ಹೊರಡಬೇಕಿತ್ತು, ಅವನ ಕೆಲಸ ಬಿಟ್ಟು ಹೊರಟಿತು. ಶುಕ್ರವಾರದ ಮೀಟಿಂಗಿನಲ್ಲಿ ಮ್ಯಾನೇಜರು ಯಾಕೆ ಎಂದು ಗಟ್ಟಿಯಾಗಿಯೇ ಕೇಳಿದರು. ‘ರಿವ್ಯೂ ಆಗಿಲ್ಲ’ ಎಂದ. ಯಾರ ಹತ್ತಿರ ನಿಂತಿದೆ ಎಂದು ಹೇಳಲಿಲ್ಲ. ಮ್ಯಾನೇಜರು, ಬೆನ್ನು ಹತ್ತಿ ಮಾಡಿಸಿಕೊಳ್ಳಬೇಕಾದ್ದು ನಿನ್ನ ಜವಾಬ್ದಾರಿ ಎಂದರು. ಮೈಕು ಅವತ್ತು ಅವನ ಎದುರಿಗೇ ಇತ್ತು, ಪ್ರತಿ ಮಾತೂ ಕೇಳಿತು. ನನಗೆ ಸಂತೋಷವಾಯಿತು. ಇದನ್ನು ಹೀಗೆಯೇ ಬರೆಯಬೇಕು, ಸಂತೋಷವಾಯಿತು. ಸಂಜೆ ಒಪ್ಪಿಗೆ ಕೊಟ್ಟು ಅವರ್ಸಾದ ಬಸ್ಸು ಹತ್ತಿದೆ. ಅವನು ನನ್ನ ಹೆಸರು ಹೇಳದೆ ನನ್ನನ್ನು ಕಾಪಾಡಿದ ಎಂಬುದು ಆಗ ತಲೆಗೆ ಹೋಗಲೇ ಇಲ್ಲ. ನೋಟ್‌ಬುಕ್ಕಿನಲ್ಲಿ ಆ ದಿನದ ಕೆಳಗೆ ಬರೆದದ್ದು: ನನ್ನ ಹೆಸರು ಎತ್ತುವುದೂ ಅವನಿಗೆ ಬೇಡವಾಗಿದೆ.

2024ರ ಏಪ್ರಿಲಿನಲ್ಲಿ ಅವನಿಗೆ ಬಡ್ತಿಯಾಯಿತು, ನನಗಾಗಲಿಲ್ಲ. ದೂರದಲ್ಲಿದ್ದುದೇ ಅದಕ್ಕೆ ಕಾರಣ ಎಂಬುದು ಬರೀ ನನ್ನ ಮನಸ್ಸಿನ ಕಲ್ಪನೆ ಎಂದು ನಾನು ಇವತ್ತೂ ಒಪ್ಪುವುದಿಲ್ಲ. ಚೀನಾದ ಸೀಟ್ರಿಪ್ ಎಂಬ ಪ್ರವಾಸ ಕಂಪನಿಯ ಶಾಂಘೈ ಕಾಲ್ ಸೆಂಟರಿನಲ್ಲಿ 2010ರ ಕೊನೆಯಿಂದ ಒಂಬತ್ತು ತಿಂಗಳು ಒಂದು ಪ್ರಯೋಗ ನಡೆದಿತ್ತು. ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಅದನ್ನು 2015ರಲ್ಲಿ ಪ್ರಕಟಿಸಿದರು. ಮನೆಯಿಂದ ಕೆಲಸ ಮಾಡಿದವರ ಕೆಲಸ ಶೇಕಡಾ 13ರಷ್ಟು ಹೆಚ್ಚಿತ್ತು, ಆದರೆ ಮಾಡಿದ ಕೆಲಸಕ್ಕೆ ಹೋಲಿಸಿದರೆ ಅವರಿಗೆ ಸಿಕ್ಕ ಬಡ್ತಿ ಕಚೇರಿಯವರಿಗಿಂತ ಕಡಿಮೆ. ಪ್ರಯೋಗ ಮುಗಿದು ಆಯ್ಕೆ ಕೊಟ್ಟಾಗ ಅವರಲ್ಲಿ ಸುಮಾರು ಅರ್ಧ ಜನ ಕಚೇರಿಗೇ ಮರಳಿದರು. ಒಂಟಿತನ ತಡೆಯಲಾಗಲಿಲ್ಲ ಎಂಬುದು ಅವರು ಕೊಟ್ಟ ಮುಖ್ಯ ಕಾರಣ. ಎಂದರೆ ಕಾಣದಿರುವುದಕ್ಕೆ ಬೆಲೆ ತೆರಬೇಕಾದದ್ದು ನಿಜ, ಅದು ನನ್ನೊಬ್ಬನ ಅಳಲಲ್ಲ. ನಾನು ತಪ್ಪಿದ್ದು ಆ ಬಾಕಿಯನ್ನು ಯಾರ ಹೆಸರಿಗೆ ಬರೆದೆ ಎಂಬಲ್ಲಿ. ಕೋಣೆಗೆ ಒಂದೇ ಮೈಕು ಇಟ್ಟದ್ದು ಆ ಹುಡುಗನಲ್ಲ. ಯಾರು ಕಣ್ಣಿಗೆ ಬೀಳುತ್ತಾರೋ ಅವರನ್ನೇ ಮೇಲಕ್ಕೆತ್ತುವ ಪದ್ಧತಿ ಮಾಡಿದ್ದೂ ಅವನಲ್ಲ. ಪದ್ಧತಿಯ ಮೇಲೆ ಸಿಟ್ಟು ಮಾಡಲು ಅದಕ್ಕೊಂದು ಮುಖ ಬೇಕಲ್ಲ. ನನ್ನ ಪರದೆಯ ಮೇಲೆ ದಿನಕ್ಕೆ ಹತ್ತು ಸಲ ಕಾಣುತ್ತಿದ್ದ ಮುಖ ಅವನದು.

2024ರ ಜುಲೈ 16, ಮಂಗಳವಾರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಅಂಕೋಲಾದಿಂದ ಕುಮಟಾಕ್ಕೆ ಹೋಗುವ ಹೆದ್ದಾರಿಯಲ್ಲಿ, ಗಂಗಾವಳಿಯ ದಂಡೆಯಲ್ಲಿ. ರಸ್ತೆ ಬದಿಯ ಚಹಾದಂಗಡಿ, ಅದರ ಮನೆಯವರು, ನಿಲ್ಲಿಸಿದ್ದ ವಾಹನ, ಎಲ್ಲ ಮಣ್ಣಿನಡಿ ಸೇರಿ ನದಿಗೆ ಹೋಯಿತು. ನದಿಯಾಚೆಯ ಉಳುವರೆಯಲ್ಲೂ ನೀರು ಮನೆಗಳ ಮೇಲೆ ನುಗ್ಗಿತು. ನಾವು ಹತ್ತಿರದವರನ್ನು ಯಾರನ್ನೂ ಕಳೆದುಕೊಳ್ಳಲಿಲ್ಲ. ಆದರೂ ಅದು ನಾವು ನೂರಾರು ಸಲ ಓಡಾಡಿದ ದಾರಿ. ಹೆದ್ದಾರಿ ಹಲವು ದಿನ ಬಂದಾಯಿತು. ಕೇರಳದ ಒಬ್ಬ ಲಾರಿ ಚಾಲಕನ ಹುಡುಕಾಟ ಸೆಪ್ಟೆಂಬರ್ 25ರವರೆಗೂ ನಡೆಯಿತು. ಆ ವಾರ ಆಯಿ ರಾತ್ರಿ ಮಲಗುತ್ತಿರಲಿಲ್ಲ. ಮನೆ ಹಿಂದೆ ಸಣ್ಣ ದಿಬ್ಬವಿದೆ, ಮಳೆ ಜೋರಾದಾಗಲೆಲ್ಲ ಬ್ಯಾಟರಿ ಹಿಡಿದು ಹೋಗಿ ನೋಡಿ ಬರುತ್ತಿದ್ದಳು.

ಬುಧವಾರ ಬೆಳಿಗ್ಗೆ ಹತ್ತರ ಮೀಟಿಂಗಿಗೆ ಕೂತೆ. ಯಾರೂ ಕೇಳಲಿಲ್ಲ. ಗುರುವಾರವೂ ಕೇಳಲಿಲ್ಲ. ಟಿವಿ ತುಂಬ ಅದೇ ಸುದ್ದಿ ಇದ್ದ ಆ ವಾರದಲ್ಲಿ ನಮ್ಮ ಗ್ರೂಪಿನಲ್ಲಿ ಯಾರೋ ಕಚೇರಿಯ ಹೊಸ ಕಾಫಿ ಯಂತ್ರದ ಫೋಟೋ ಹಾಕಿದರು. ಶುಕ್ರವಾರ ನಾನು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದೆ: ನಾನು ಮಣ್ಣಿನಡಿ ಹೋಗಿದ್ದರೆ ಇವರಿಗೆ ಸೋಮವಾರ ಗೊತ್ತಾಗುತ್ತಿತ್ತು.

ಮೂರು ವಾರ ಕಳೆಯಿತು. ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ ಕೆಳಗೆ ಜನರ ಕೂಗು, ವಾಹನಗಳ ಸದ್ದು ಕೇಳಿ ಎಚ್ಚರವಾಯಿತು. ಕೋಡಿಬಾಗದಿಂದ ಸದಾಶಿವಗಡಕ್ಕೆ ಹೋಗುವ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿದ್ದಿತ್ತು. ಅದರ ಮೇಲಿದ್ದ ಒಂದು ಲಾರಿ ನದಿಯಲ್ಲಿ. ಮಳೆಯಲ್ಲೇ ಓಡಿದೆ. ಪೊಲೀಸರು ದಂಡೆಯಲ್ಲಿ ಯಾರನ್ನೂ ಮುಂದೆ ಬಿಡುತ್ತಿರಲಿಲ್ಲ. ಕತ್ತಲಲ್ಲಿ ಕಂಬಗಳು, ನಡುವೆ ಏನೂ ಇಲ್ಲದ ಜಾಗ. ಚಾಲಕನನ್ನು ಜೀವಂತ ಎತ್ತಿದರು ಎಂದು ಗೊತ್ತಾದ ಮೇಲೆ ಕೋಣೆಗೆ ಬಂದು ಒದ್ದೆ ಬಟ್ಟೆಯಲ್ಲೇ ಕೂತೆ. ಬೆಳಗಾಗುವವರೆಗೆ ನಿದ್ದೆ ಬರಲಿಲ್ಲ.

ಆರೂವರೆಗೆ ಫೋನು ಮಿನುಗಿತು. ದಾವಣಗೆರೆಯ ಹುಡುಗ. ‘ಸರ್, ಕಾಳಿ ಸೇತುವೆ ನ್ಯೂಸ್ ನೋಡ್ದೆ. ನೀವು ಅಲ್ಲೇ ಅಲ್ವಾ ಇರೋದು? ಹೇಗಿದೀರಾ?’

ನಾನು ‘ಓಕೆ’ ಎಂದು ಟೈಪಿಸಿ ಫುಲ್‌ಸ್ಟಾಪ್ ಒತ್ತಿದೆ. ಕಳಿಸಿದ ಮೇಲೆ ಆ ಚುಕ್ಕೆ ಕಣ್ಣಿಗೆ ಬಿತ್ತು. ನನಗೆ ಅವನ ಮೇಲೆ ಆ ಗಳಿಗೆಯಲ್ಲಿ ಸಿಟ್ಟೇನೂ ಇರಲಿಲ್ಲ. ಕೈ ಒದ್ದೆಯಾಗಿತ್ತು, ದಣಿದಿದ್ದೆ, ಹೆಚ್ಚು ಬರೆಯಲು ಆಗಲಿಲ್ಲ. ಅವನೇ ಫೋನು ಮಾಡಿದ. ಎರಡು ವರ್ಷದಲ್ಲಿ ಮೀಟಿಂಗ್ ಅಲ್ಲದ ಮೊದಲ ಕರೆ.

ಸೇತುವೆಯ ಮಾತೆಲ್ಲ ಆದ ಮೇಲೆ ನಾನು ತಡೆಯಲಾರದೆ ಕೇಳಿದೆ, ‘ಮೂರು ವಾರದ ಹಿಂದೆ ಶಿರೂರಲ್ಲಿ ಅಷ್ಟು ದೊಡ್ಡದು ಆಯ್ತಲ್ಲ, ಆಗ ಯಾರೂ ಕೇಳಲಿಲ್ಲ.’

ಆ ಕಡೆ ಸ್ವಲ್ಪ ಹೊತ್ತು ಮೌನ. ‘ಶಿರೂರು ಅಂದ್ರೆ ನಾನು ಬೈಂದೂರು ಕಡೆಯ ಶಿರೂರು ಅಂದ್ಕೊಂಡಿದ್ದೆ ಸರ್. ಆಮೇಲೆ ಅಂಕೋಲಾ ಅಂತ ಬಂತು. ಅಂಕೋಲಾ ನಿಮ್ಮೂರಾ? ನೀವು ಕಾರವಾರದವರಲ್ವಾ?’

ಕಂಪನಿಯ ಪುಟದಲ್ಲಿ ನನ್ನ ಹೆಸರಿನ ಕೆಳಗೆ ಇದ್ದದ್ದು ಕಾರವಾರ ಎಂದೇ. ಅವರ್ಸಾ, ಅಂಕೋಲಾ, ಅಪ್ಪನ ಲಕ್ವ, ಮನೆಯ ಹಿಂದಿನ ದಿಬ್ಬ, ಇದರಲ್ಲಿ ಒಂದನ್ನೂ ನಾನು ತಂಡದ ಗೆಳೆಯರು ಯಾರಿಗೂ ಹೇಳಿರಲಿಲ್ಲ. ಕರೆಂಟ್ ಹೋದರೂ ಹೇಳುತ್ತಿರಲಿಲ್ಲ, ಮೊಬೈಲಿನಿಂದ ಹೇಗೋ ನಿಭಾಯಿಸುತ್ತಿದ್ದೆ. ತೊಂದರೆ ಹೇಳಿದರೆ ಹಾಗಾದರೆ ಬೆಂಗಳೂರಿಗೇ ಬಂದುಬಿಡಿ ಎನ್ನುತ್ತಾರೆ ಎಂಬ ಹೆದರಿಕೆ. ನನ್ನ ಅನುಮತಿ ಪತ್ರ ಮ್ಯಾನೇಜರನ್ನು ದಾಟಿ ಹೋಗಿರಲಿಲ್ಲ. ಕಾಣಬಾರದೆಂದು ಎರಡು ವರ್ಷ ಜಾಗರೂಕನಾಗಿ ಮುಚ್ಚಿಟ್ಟದ್ದನ್ನು ಯಾರೂ ಕಾಣಲಿಲ್ಲವೆಂದು ಲೆಕ್ಕ ಬರೆದಿದ್ದೆ.

ಜೂನಿನ ರಾತ್ರಿಯ ಜಾಬಿನ ಬಗ್ಗೆಯೂ ಕೇಳಿದೆ. ಅವನಿಗೆ ನೆನಪಿಗೆ ತರಲು ನಾನೇ ದಿನಾಂಕ ಹೇಳಬೇಕಾಯಿತು. ‘ಅದನ್ನ ನೀವೇ ಮಾಡಿದ್ದು ಅಂತ ಎಲ್ರಿಗೂ ಗೊತ್ತಿತ್ತು ಅಂದ್ಕೊಂಡಿದ್ದೆ ಸರ್. ಕೋಡಲ್ಲಿ ನಿಮ್ಮ ಹೆಸರೇ ಇತ್ತಲ್ಲ. ಮೀಟಿಂಗಲ್ಲಿ ನಾನು ಹೇಳಿದೆ ಕೂಡ ಅನ್ಸುತ್ತೆ.’ ಹೇಳಿದನೋ ಇಲ್ಲವೋ ಅವನಿಗೂ ಖಾತ್ರಿ ಇರಲಿಲ್ಲ. ನಾನು ಹದಿಮೂರು ತಿಂಗಳು ಹೊತ್ತುಕೊಂಡಿದ್ದ ಗಳಿಗೆ ಅವನ ಜೀವನದಲ್ಲಿ ನಡೆದೇ ಇರಲಿಲ್ಲ.

ಮುಂದೆ ಕೆಲವು ತಿಂಗಳು ದೂರದಿಂದ ಕೆಲಸ ಮಾಡುವುದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದರಲ್ಲಿ ಕ್ಯಾಥರಿನ್ ಕ್ರಾಮ್ಟನ್ ಎಂಬವರು 2001ರಲ್ಲಿ ಬರೆದ ಒಂದು ಸಂಶೋಧನಾ ಲೇಖನ ನನ್ನದೇ ಕತೆಯಂತಿತ್ತು. ಬೇರೆ ಬೇರೆ ದೇಶಗಳಲ್ಲಿದ್ದು ಇಮೇಲಿನಲ್ಲಿ ಒಟ್ಟಿಗೆ ಕೆಲಸ ಮಾಡಿದ ವಿದ್ಯಾರ್ಥಿಗಳ ತಂಡಗಳನ್ನು ಅವರು ನೋಡಿದ್ದರು. ಆಚೆಯವನ ಊರಿನಲ್ಲಿ ಏನು ನಡೆಯುತ್ತಿದೆ ಎಂಬುದು ಈಚೆಯವನಿಗೆ ತಿಳಿದಿರುವುದಿಲ್ಲ, ತಿಳಿದಿಲ್ಲ ಎಂಬುದೂ ತಿಳಿದಿರುವುದಿಲ್ಲ. ಸುಮ್ಮನಿರುವುದಕ್ಕೆ ಹತ್ತು ಅರ್ಥ ಇರಬಹುದು: ಒಪ್ಪಿದ್ದೇನೆ, ಒಪ್ಪಿಲ್ಲ, ಊರಲ್ಲಿಲ್ಲ, ಸಂದೇಶವೇ ತಲುಪಿಲ್ಲ. ಆದರೆ ದೂರದಲ್ಲಿರುವವರು ಪರಿಸ್ಥಿತಿಯನ್ನು ಬಿಟ್ಟು ಮನುಷ್ಯನನ್ನೇ ದೂರುತ್ತಾರೆ. ಇದನ್ನು ಓದುವಾಗ ನನಗೆ ಆ ಮೂವತ್ತು ಸೆಕೆಂಡು ನೆನಪಾಯಿತು. ಯಂತ್ರದಿಂದ ಆ ತಪ್ಪು ಆಗದಂತೆ ಒಂದೇ ರಾತ್ರಿಯಲ್ಲಿ ತಡೆ ಹಾಕಿದವನು ನಾನು.

ಆಮೇಲೆ ಮಾಡಿದ್ದು ಸಣ್ಣ ಪುಟ್ಟದ್ದು. ಖಾಸಗಿಯಾಗಿ ಬರೆಯುತ್ತಿದ್ದುದನ್ನು ಗ್ರೂಪಿನಲ್ಲೇ ಬರೆಯತೊಡಗಿದೆ, ಯಾರು ಏನು ಮಾಡಿದರೆಂದು ಹೆಸರು ಹಾಕಿ, ನನ್ನ ಹೆಸರನ್ನೂ ಹಾಕಿ. ಕರೆಂಟ್ ಹೋದರೆ ಕರೆಂಟ್ ಹೋಗಿದೆ ಎಂದು ಹಾಕಿದೆ. ಅರ್ಧ ದಿನ ಉತ್ತರ ಬಾರದಿದ್ದರೆ ಫೋನು ಮಾಡಿದೆ. ಮೀಟಿಂಗಿನಲ್ಲಿ ಎಲ್ಲರೂ ಅವರವರ ಲ್ಯಾಪ್‌ಟಾಪ್ ತೆರೆದು ಕೂರಿ, ಒಂದು ಮೈಕು ಬೇಡ ಎಂದು ಕೇಳಿಕೊಂಡೆ. ಒಪ್ಪಿದರು, ಒಂದು ತಿಂಗಳು ನಡೆಯಿತು. ಮತ್ತೆ ಮೈಕೇ ಬಂತು. ಅದಕ್ಕೆ ಈಗ ನೋಟ್‌ಬುಕ್ಕಿನಲ್ಲಿ ಬರೆಯುವುದಿಲ್ಲ, ಮ್ಯಾನೇಜರಿಗೆ ಬರೆಯುತ್ತೇನೆ. ಬಡ್ತಿ ಇನ್ನೂ ಆಗಿಲ್ಲ. ಒಂಟಿತನವಂತೂ ಹೋಗಿಲ್ಲ. ಕೋಣೆ ಅದೇ, ಮಳೆ ಅದೇ.

ನವೆಂಬರಿನಲ್ಲಿ ರಜೆ ಹಾಕಿ ಪಂಚಗಂಗಾ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಕಚೇರಿಯ ಎದುರಿನ ದರ್ಶಿನಿಯಲ್ಲಿ ಆ ಹುಡುಗನನ್ನು ಮೊದಲ ಸಲ ನೋಡಿದೆ. ಪರದೆಯಲ್ಲಿ ಅಂದುಕೊಂಡದ್ದಕ್ಕಿಂತ ಬಹಳ ಎತ್ತರ, ಸ್ವಲ್ಪ ಬಗ್ಗಿ ನಿಲ್ಲುತ್ತಾನೆ. ಕಾಫಿ ತಗೊಂಡು ನಿಂತಾಗ ಆ ಸೆಪ್ಟೆಂಬರಿನ ಎರಡು ದಿನದ ವಿಷಯ ಹೇಳಿದೆ. ಇಪ್ಪತ್ತು ನಿಮಿಷದಲ್ಲಿ ಓದಿ ಮುಗಿಸಿದ್ದೆ ಎನ್ನುವುದನ್ನೂ ಹೇಳಿದೆ.

ಅವನು ಲೋಟ ಕೆಳಗಿಟ್ಟ. ‘ನನ್ನ ಕೋಡು ನಿಮಗೆ ಹಿಡಿಸ್ಲಿಲ್ಲ, ಹೇಳೋಕೆ ಸಂಕೋಚ ಪಡ್ತಿದೀರಾ ಅಂದ್ಕೊಂಡಿದ್ದೆ’ ಎಂದ. ‘ಆ ಎರಡು ರಾತ್ರಿ ಅದನ್ನ ಮತ್ತೆ ಮೊದಲಿಂದ ಬರೆದಿದ್ದೆ ಸರ್. ಎಲ್ಲಿ ತಪ್ಪಿದೆ ಅಂತ ಹುಡುಕ್ಕೊಂಡು.’

ನಾನು ಕ್ಷಮಿಸು ಎಂದೆ. ಅವನು ಪರವಾಗಿಲ್ಲ ಎನ್ನಲಿಲ್ಲ. ಹತ್ತು ಗಂಟೆಯ ಮೀಟಿಂಗಿಗೆ ಹೊತ್ತಾಗಿತ್ತು. ಲಿಫ್ಟಿನ ಬಾಗಿಲು ಮುಚ್ಚದಂತೆ ಕೈ ಅಡ್ಡ ಹಿಡಿದು ನಾನು ಒಳಗೆ ಬರುವ ತನಕ ನಿಂತ. ಉದ್ದದ ಆ ಕೋಣೆಯಲ್ಲಿ ಮೈಕಿನ ಎದುರಿನ ಕುರ್ಚಿ ಖಾಲಿಯಿತ್ತು. ಅವನು ಬಾಗಿಲ ಬದಿಗೆ ಹೋಗಿ ಕೂತ. ನಾನು ಅವನ ಪಕ್ಕದಲ್ಲಿ ಕೂತೆ.